ಸ್ಕೂಟರ್ ಲಂಗ

೧೯೯೩ರಲ್ಲಿ ನಾನು ಓದು ಬಿಟ್ಟೆ. ಎಂಟನೇ ಇಯತ್ತೆ, ಅದೂ ಅರ್ಧ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳುತ್ತ ಬಂದಿದ್ದೇನೆ. ನಿಜ ಹೇಳಬೇಕೆಂದರೆ ಗಣಿತದ ಮಾಸ್ತರರಿಗೂ ನನಗೂ ಕೂಡಿಬರಲಿಲ್ಲ. ಅದೇ ಹೊತ್ತಿಗೆ ಸನತ್‌ನಗರದಲ್ಲಿ ಟೇಲರ್ ಆಗಿದ್ದ ನಮ್ಮ ಸೋದರಮಾವ ಹಬ್ಬಕ್ಕೆ ಊರಿಗೆ ಬಂದಿದ್ದ. ಬೀದರ್‌ನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಅವನ ಪಕ್ಕ ಕೂತವನು ಮತ್ತೆ ಶಾಲೆಯ ಕಡೆ ತಿರುಗಿ ನೋಡಲಿಲ್ಲ. ಒಂದು ವರ್ಷ ಗುಂಡಿ ಕಾಜಾ ಮಾಡಿದೆ, ಎರಡು ವರ್ಷ ಅಂಚು ಮಡಿಚಿದೆ, ನಾಲ್ಕನೇ ವರ್ಷಕ್ಕೆ ಬ್ಲೌಸ್ ಕತ್ತರಿಸಿದೆ. ಗಣಿತ ಬಾರದ ನಾನು ಇಂದಿಗೂ ಮೂವತ್ತಾರು ಎದೆಯಳತೆಗೆ ಎಷ್ಟು ಬಟ್ಟೆ ಬೇಕೆಂದು ಕಣ್ಣಳತೆಯಲ್ಲೇ ಹೇಳುತ್ತೇನೆ. ಆ ಮಾಸ್ತರರು ಹೇಳಲಿ ನೋಡೋಣ.

ಹೀಗೆ ದುಡಿದು ದುಡಿದು ಸನತ್‌ನಗರದಲ್ಲೇ ಸ್ವಂತ ಅಂಗಡಿ ಹಾಕಿದೆ. ಬ್ಲೌಸ್, ಲಂಗ, ಸೀರೆಗೆ ಫಾಲ್, ಪಿಕೋ. ಗಿರಾಕಿಗಳು ನನ್ನನ್ನು ‘ಮಾಸ್ಟರ್’ ಎನ್ನುತ್ತಾರೆ. ಈ ಊರಿನಲ್ಲಿ ಟೇಪು ಕೊರಳಿಗೆ ಹಾಕಿಕೊಂಡವರೆಲ್ಲ ಮಾಸ್ಟರೇ, ಆದರೆ ನಾನು ಆ ಮಾತನ್ನು ಬಿರುದಿನಂತೆ ಹೊತ್ತುಕೊಂಡು ಓಡಾಡಿದೆ. ಹೆಂಗಸರ ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಏನೂ ಕಲಿಸುವುದು ಬೇಕಾಗಿಲ್ಲ ಎಂದು ಇಪ್ಪತ್ತೈದು ವರ್ಷ ನಂಬಿದ್ದೆ. ಅದನ್ನು ನಾನು ಬಿಟ್ಟದ್ದು ಹೇಗೆ ಎನ್ನುವುದೇ ಈ ಬರಹ.

ಮೂರು ವರ್ಷದ ಹಿಂದೆ ನನ್ನ ಹೆಂಡತಿಗೆ ಕೊಂಡಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಒಳಗೆ ಕಾಲಿಟ್ಟವರಿಗೆ ನಗುತ್ತ ನಮಸ್ಕಾರ ಹೇಳಿ, ಚೀಟಿ ಬರೆದು, ಯಾವ ಡಾಕ್ಟರು ಯಾವ ಮಹಡಿ ಎಂದು ತಿಳಿಸುವ ಕೆಲಸ. ಅವಳು ನನ್ನಂತೆ ಅರ್ಧಕ್ಕೆ ಬಿಟ್ಟವಳಲ್ಲ, ಹನ್ನೆರಡನೇ ತರಗತಿ ಪಾಸು. ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಜಗಳ ಆಡಬಲ್ಲಳು. ಅಷ್ಟಿದ್ದರೆ ಆಸ್ಪತ್ರೆಗೆ ಸಾಕು. ಮೊದಲ ಮೂರು ತಿಂಗಳು ಪರೀಕ್ಷೆ. ಬೆಳಿಗ್ಗೆ ಎಂಟಕ್ಕೆ ಪೂರ್ತಿ ಯೂನಿಫಾರ್ಮ್‌ನಲ್ಲಿ ಹೆಬ್ಬೆಟ್ಟು ಒತ್ತಬೇಕು. ಮೂರು ಸಲ ತಡವಾದರೆ ನಾಲ್ಕನೇ ಸಲ ಬರುವುದೇ ಬೇಡ.

ಯೂನಿಫಾರ್ಮ್ ಎಂದರೆ ಸೀರೆ. ನೀಲಿ ಬಣ್ಣದ ಜಾರುವ ಕ್ರೇಪು, ಬೆಳ್ಳಿ ಅಂಚು. ಅದನ್ನು ಆರಿಸಿದ ಮಹಾಶಯರು ಜನ್ಮದಲ್ಲಿ ಸೀರೆ ಉಟ್ಟಿಲ್ಲ, ಸ್ಕೂಟರನ್ನೂ ಓಡಿಸಿಲ್ಲ, ಅವರಿಗೆ ಕಾರಿದೆ. ನಿರಿಗೆಯ ಅಂಚು ಚಪ್ಪಲಿ ಮುಟ್ಟಬೇಕು, ಹಿಮ್ಮಡಿ ಕಾಣಬಾರದು, ಸೆರಗು ಬಿಚ್ಚಿ ಬಿಟ್ಟಿರಬೇಕು ಎಂದು ಕಾಗದದ ಮೇಲೆ ಬರೆದು ಕೊಟ್ಟಿದ್ದರು. ಅಲ್ಲೇ ಹೋಗಿ ಉಟ್ಟುಕೊಳ್ಳೋಣವೆಂದರೆ, ಹೆಂಗಸರು ಬಟ್ಟೆ ಬದಲಿಸುವ ಕೋಣೆಯಲ್ಲಿ ಆಗಲೇ ಔಷಧದ ಡಬ್ಬಗಳು ಸಂಸಾರ ಹೂಡಿದ್ದವು. ಉಟ್ಟುಕೊಂಡೇ ಮನೆಯಿಂದ ಹೊರಡಬೇಕು.

ಮೊದಲ ವಾರ ಬಸ್ಸಿನಲ್ಲಿ ಹೋದಳು. ಎರಡು ಬಸ್ಸು ಬದಲಿಸಬೇಕು. ಶುಕ್ರವಾರ ಎರಡನೇ ಬಸ್ಸು ಬರಲೇ ಇಲ್ಲ. ಒಂದು ತಡ ಅಲ್ಲೇ ಬಿತ್ತು. ಅವಳಿಗೆ ಗಾಡಿ ಓಡಿಸಲು ಬರುತ್ತಿತ್ತು, ತವರಿನಲ್ಲಿ ಅಣ್ಣನ ಸ್ಕೂಟರ್ ಮೇಲೆ ಚೂಡಿದಾರ ಹಾಕಿಕೊಂಡು ಕಲಿತದ್ದು. ತಾನು ಕಟ್ಟುತ್ತಿದ್ದ ಚೀಟಿಯ ಹಣ ಎತ್ತಿ ಹಳೆಯದೊಂದು ಸ್ಕೂಟರ್ ಕೊಂಡಳು, ತನ್ನ ಹೆಸರಿನಲ್ಲೇ. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಮೂರ್ಖತನವೆಲ್ಲ ಹುಟ್ಟಿದ್ದು ಇದರಿಂದಲೇ.

ಮೊದಲ ದಿನ ಮರಳಿ ಬಂದವಳು ಚಪ್ಪಲಿ ಬಿಡದೆ ಅಂಗಡಿಯ ಸ್ಟೂಲಿನ ಮೇಲೆ ಕೂತಳು.

“ಏನ್ರಿ, ಈ ಊರಾಗ ಮಂದಿ ಭಾಳ ಒಳ್ಳೇವ್ರಿದ್ದಾರ,” ಎಂದಳು.

“ಯಾಕ, ಏನಾತು?”

“ಹೋಗೋತನಕ ಎಲ್ಲಾರೂ ನನಗ ಬುದ್ಧಿ ಹೇಳ್ಯಾರ. ಒಬ್ಬಾಂವ ನನ್ನ ಸೀರಿ ತೋರಿಸಿ ತೆಲುಗಿನಾಗ ‘ಚೀರಾ, ಚೀರಾ’ ಅಂತ ಒದರಿದ. ಒಬ್ಬಾಂವ ‘ಸಾಡಿ ದೇಖೋ’ ಅಂದ. ಆಟೋದಾಂವ ಮುಂದ ಬಂದು ಅಡ್ಡ ನಿಲ್ಲಿಸಿ ‘ಅಕ್ಕಾ, ನಿನ್ನ ಸೆರಗು ಗಾಲಿಯೊಳಗ ಹೋಗಾಕತ್ತೈತಿ’ ಅಂತ ಹೇಳಿ, ಹಿಂದ ಎರಡು ಗಾಡಿ ನನಗ ಗುದ್ದೂಹಂಗ ಮಾಡಿ ಹೋದ. ಫ್ಲೈಓವರ್ ಮ್ಯಾಲ ಗಾಳಿ ಬಂದು ನಿರಿಗಿ ಮಾರಿಗೆ ಬಂತು. ಎರಡೂ ಕೈ ಹ್ಯಾಂಡಲ್ ಮ್ಯಾಲ. ಸೀರಿ ಹಿಡೀಲ್ಯೋ, ಜೀವ ಹಿಡೀಲ್ಯೋ?”

ಈ ಊರಿನ ರಸ್ತೆಯಲ್ಲಿ ಎರಡು ಪುಕ್ಕಟೆ ಸೇವೆಗಳಿವೆ. ಗಾಡಿಯ ಸ್ಟ್ಯಾಂಡ್ ಎತ್ತದಿದ್ದರೆ ಕೂಗುತ್ತಾರೆ, ಸೀರೆ ಹಾರಿದರೆ ಕೂಗುತ್ತಾರೆ. ಹೆಲ್ಮೆಟ್ ಇಲ್ಲದವನೇ ಹೆಚ್ಚು ಜೋರಾಗಿ ಕೂಗುವುದು. ಆದರೆ ಸೆರಗು ಗಾಲಿಗೆ ಹೋಗುತ್ತಿದ್ದುದು ಮಾತ್ರ ನಿಜ. ಅಂಚು ಎರಡು ಕಡೆ ಕರಿ ಎಣ್ಣೆ ಮೆತ್ತಿಕೊಂಡಿತ್ತು.

“ಪಿನ್ನು ಹಾಕ್ಕೋಬೇಕಿಲ್ಲ?” ಎಂದೆ.

“ಹಾಕ್ಕೊಂಡೀನಿ. ಪಿನ್ನು ಹೆಗಲ ಮ್ಯಾಲ ಐತಿ. ಸೆರಗಿನ ತುದಿ ಎಲ್ಲೈತಿ?”

ನಾನು ಕತ್ತರಿ ಕೈಗೆತ್ತಿಕೊಂಡೆ. ಮಾಸ್ಟರ್ ಅಲ್ಲವೇ, ಉತ್ತರ ಹೊಲಿದು ಕೊಡುವವನು. ಹಾರುವುದು ಯಾಕೆ? ಬಟ್ಟೆ ಹೆಚ್ಚಾಗಿರುವುದರಿಂದ. ಒಳಗೆ ಆರು ಕಳಿಯ, ಅಂದರೆ ಆರು ಪಟ್ಟಿ ಕೂಡಿಸಿ ಹೊಲಿದ ಅಗಲ ಲಂಗ, ಅದು ಗಾಳಿ ತುಂಬಿಕೊಂಡು ಕೊಡೆಯಂತೆ ಬಿಚ್ಚಿದರೆ ಮೇಲಿನ ಸೀರೆಯೂ ಬಿಚ್ಚುತ್ತದೆ. ಹಾಗಾದರೆ ಲಂಗ ಕಿರಿದು ಮಾಡಿದರಾಯಿತು. ಸೊಂಟದಿಂದ ಪಾದದವರೆಗೆ ನೇರ ಕೊಳವೆ, ಎಲ್ಲೂ ಗಾಳಿಗೆ ಜಾಗ ಇಲ್ಲ. ಹೊಸ ಹುಡುಗಿಯರು ತೆಳ್ಳಗೆ ಕಾಣಲೆಂದು ಹಾಕಿಕೊಳ್ಳುವ ಲಂಗವೂ ಹೀಗೆಯೇ ಇರುತ್ತದೆ, ಆದರೆ ಅದಕ್ಕೆ ಪಕ್ಕದಲ್ಲಿ ಚಾಕ್, ಅಂದರೆ ಸೀಳು ಇರುತ್ತದೆ, ಕಾಲು ಆಡಲು. ನನ್ನ ಲಂಗಕ್ಕೆ ಚಾಕ್ ಇಡಲಿಲ್ಲ. ಮನೆತನಸ್ಥರ ಹೆಂಗಸು, ನಾಲ್ಕು ಜನರ ನಡುವೆ ಗಾಡಿ ಮೇಲೆ ಕೂತಾಗ ಸೀಳಿನಿಂದ ಕಾಲು ಕಂಡರೆ? ನನ್ನ ಮರ್ಯಾದೆಯನ್ನು ಅವಳ ಮೊಣಕಾಲಿನ ಸುತ್ತ ಎರಡು ಹೊಲಿಗೆ ಹಾಕಿ ಭದ್ರ ಮಾಡಿದೆ.

ಎರಡು ದಿನ ಅದ್ಭುತವಾಗಿ ಕೆಲಸ ಮಾಡಿತು. ಸ್ಕೂಟರಿನ ಕಾಲಿಡುವ ಹಲಗೆಯ ಮೇಲೆ ಎರಡೂ ಕಾಲು ಕೂಡಿಸಿ ಕೂತರೆ ಸೀರೆ ಮಿಸುಕಲಿಲ್ಲ. ನಾನು ಸುಮ್ಮನಿರುವವನೇ? ಅಂಗಡಿಯ ಗೊಂಬೆಗೆ ಅದೇ ಲಂಗ ತೊಡಿಸಿ, ‘ಸ್ಕೂಟರ್ ಲಂಗ, ನಮ್ಮಲ್ಲಿ ಮಾತ್ರ’ ಎಂದು ತೆಲುಗಿನಲ್ಲಿ ಬರೆಸಿ ತೂಗುಹಾಕಿದೆ. ಎರಡು ದಿನದಲ್ಲಿ ನಾಲ್ಕು ಹೊಲಿದೆ. ಒಬ್ಬರು ಟೀಚರು, ಇಬ್ಬರು ಬ್ಯಾಂಕಿನವರು, ಒಬ್ಬರು ಪಟಾನ್‌ಚೆರುವಿನ ಔಷಧ ಫ್ಯಾಕ್ಟರಿಯ ಆಫೀಸಿನವರು. ಎದುರಿನ ಪಾನ್ ಅಂಗಡಿಯವನಿಗೂ ಅದರ ಕಟಿಂಗ್ ವಿವರಿಸಿದೆ. ಅವನು ಪಾಪ ಸುಣ್ಣ ಹಚ್ಚುತ್ತ ಕೇಳಿದ.

ಮೂರನೇ ದಿನ ಬೋರಬಂಡದ ಏರಿನಲ್ಲಿ ಸಿಗ್ನಲ್ ಕೆಂಪಾಯಿತು. ಅವಳು ಬ್ರೇಕ್ ಹಿಡಿದಳು. ಗಾಡಿ ನಿಂತಿತು. ಎಡಗಾಲು ಹೊರಗೆ ಚಾಚಿ ನೆಲಕ್ಕೆ ಊರಬೇಕು. ಕಾಲು ಚಾಚಿದಳು. ಲಂಗ ಗೇಣಿನಷ್ಟು ಬಿಟ್ಟು ಅಲ್ಲಿಗೆ ನಿಲ್ಲಿಸಿತು. ಸಪಾಟು ರಸ್ತೆಯಲ್ಲಿ ಆ ಗೇಣು ಸಾಲುತ್ತಿತ್ತು, ಇಳಿಜಾರಿನಲ್ಲಿ ಸಾಲಲಿಲ್ಲ. ನಿಂತ ಗಾಡಿಯ ಮೇಲಿಂದ, ಯಾರೂ ಗುದ್ದದೆ, ಗೋಧಿ ಚೀಲ ವಾಲಿದಂತೆ ಅವಳು ನಿಧಾನವಾಗಿ ಎಡಕ್ಕೆ ಬಿದ್ದಳು. ಮೊಣಕೈ ತರಚಿತು, ಮೊಣಕಾಲು ಊದಿತು, ಬ್ರೇಕಿನ ಹಿಡಿಕೆ ಬಾಗಿತು. ಹಿಂದಿನ ಬಸ್ಸಿನ ಡ್ರೈವರ್ ಎಚ್ಚರವಾಗಿದ್ದ. ಆ ಒಂದು ವಾಕ್ಯವನ್ನು ನಾನು ಇಂದಿಗೂ ಬೇಗ ಬರೆದು ಮುಂದೆ ಹೋಗುತ್ತೇನೆ.

ಆಸ್ಪತ್ರೆಗೆ ಹನ್ನೊಂದು ನಿಮಿಷ ತಡ. ಮೊಣಕೈಯಿಂದ ರಕ್ತ ಸೋರುತ್ತ ಆಸ್ಪತ್ರೆಯ ಬಾಗಿಲಿಗೇ ಬಂದವಳನ್ನು ಅವರ ಸೂಪರ್‌ವೈಸರ್ ಮೇಡಂ ಮೇಲಿಂದ ಕೆಳಗೆ ನೋಡಿ, “ಸೀರೆ ಅಂಚು ಹರಿದಿದೆ, ಸೋಮವಾರ ಬೇರೆ ಉಟ್ಟು ಬಾ,” ಎಂದು ಹೇಳಿ ಎರಡನೇ ತಡ ಬರೆದುಕೊಂಡಳಂತೆ. ಇನ್ನು ಉಳಿದದ್ದು ಒಂದು. ಪರೀಕ್ಷೆಯ ಅವಧಿ ಹತ್ತು ವಾರ ಬಾಕಿ.

ಸಂಜೆ ಅವಳು ಲಂಗವನ್ನು ಮಡಿಚಿ ನನ್ನ ಮಷಿನ್ ಮೇಲೆ ಇಟ್ಟಳು.

“ತಗೋರಿ. ನಿಮ್ಮ ಸ್ಕೂಟರ್ ಲಂಗ. ಓಡೂ ಗಾಡಿಗೆ ಭಾಳ ಛಲೋ ಐತಿ, ನಿಲ್ಲೂ ಗಾಡಿಗೆ ಹೊಲದಿಲ್ಲ ನೀವು.”

“ನೀ ಬ್ರೇಕ್ ಸಾವಕಾಶ ಹಿಡೀಬೇಕಿತ್ತು.”

“ಹೌದ್ರಿ. ಮತ್ತ ಸಿಗ್ನಲ್‌ಗೂ ಹೇಳ್ತೀನಿ, ನಮ್ಮ ಯಜಮಾನರ ಲಂಗ ಐತಿ, ಸಾವಕಾಶ ಕೆಂಪಾಗು ಅಂತ.”

ನಾನು ಮಾತು ಬೆಳೆಸಿದೆ. ತಪ್ಪು ನನ್ನದಲ್ಲ, ರಸ್ತೆಯದು, ಇಳಿಜಾರಿನದು, ಅವಳ ಎತ್ತರದ್ದು. ಅವಳು ಮೊಣಕೈಗೆ ಅರಿಸಿನ ಹಚ್ಚುತ್ತ ಕೇಳಿಸಿಕೊಂಡಳು. ಕೊನೆಗೆ, “ಈ ನೌಕರಿ ಹೋದ್ರ ನಿಮ್ಮ ಲಂಗದಿಂದ ಹೋತು ಅಂತ ನಾ ಯಾರಿಗೂ ಹೇಳೂದಿಲ್ರಿ,” ಎಂದಳು. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಮರುದಿನ ಬಾಗಿದ ಹಿಡಿಕೆ ಸರಿಮಾಡಿಸಲು ಗಾಡಿಯನ್ನು ನೂಕಿಕೊಂಡು ನಮ್ಮ ಗಲ್ಲಿಯ ಮೆಕ್ಯಾನಿಕ್ ಬಳಿ ಹೋದೆ. ಹುಮನಾಬಾದ್ ಕಡೆಯ ಮುದುಕ, ಬಿಳಿ ಗಡ್ಡ, ಕನ್ನಡದಲ್ಲಿ ಅರ್ಧ ದಖನಿ ಬೆರೆಸಿ ಮಾತಾಡುವವರು. ನಾವೆಲ್ಲ ಚಾಚಾ ಎನ್ನುತ್ತೇವೆ. ಅವರ ಅಂಗಡಿಯ ಹಿಂದಿನ ಗೋಡೆಯಲ್ಲಿ ಒಂದು ತಂತಿ, ತಂತಿಯ ತುಂಬ ಬಟ್ಟೆಯ ಚಿಂದಿ ತೂಗುತ್ತಿದ್ದವು. ಕೈ ಒರೆಸುವ ಅರಿವೆ ಎಂದು ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ. ಅಂದು ಸುಮ್ಮನೆ ಕೈ ಹಾಕಿದೆ.

“ಅದನ್ನ ಬಿಡು ಮಾಸ್ಟರ್. ಅದು ಕೈ ಒರಸೂದಲ್ಲ,” ಎಂದರು ಚಾಚಾ. “ಗಾಲಿಯೊಳಗಿಂದ ಕೊಯ್ದು ತೆಗದದ್ದು. ಇಟ್ಕೊಂಡೀನಿ. ಗಂಡಸರು ಬಂದು ‘ಬ್ರೇಕ್ ಖರಾಬ್ ಐತಿ, ಅದಕ್ಕ ಬಿದ್ಲು’ ಅಂತಾರ. ಆವಾಗ ಇದನ್ನ ತೋರಸ್ತೀನಿ.”

ಹಳದಿ ಕಾಟನ್, ಹಸಿರು ಶಿಫಾನ್, ಎಣ್ಣೆ ಕುಡಿದು ಕಪ್ಪಾದ ಜರಿ. ಒಂದು ತುಂಡಿನ ಒಳಬದಿಗೆ ಫಾಲ್ ಇತ್ತು. ಫಾಲ್‌ನ ಹೊಲಿಗೆ ನನ್ನದು. ನಾನು ತುದಿಯಲ್ಲಿ ಮೂರು ಗಂಟು ಹಾಕುತ್ತೇನೆ, ಈ ಪೇಟೆಯಲ್ಲಿ ಬೇರೆ ಯಾರೂ ಹಾಕುವುದಿಲ್ಲ. ಗಟ್ಟಿ ಹೊಲಿಗೆ. ಸೀರೆ ಹರಿದಿತ್ತು, ಗಂಟು ಬಿಚ್ಚಿರಲಿಲ್ಲ.

“ಈಕಿಗೆ ಏನಾತು?” ಎಂದೆ.

“ಹಲ್ಲು ಎರಡು ಹೋದ್ವು. ಅಲ್ಲಾ ದಯೆ, ಅಷ್ಟ ಹೋತು. ಹೆಗಲ ಮ್ಯಾಲ ಪಿನ್ನು ಮಜಬೂತ್ ಹಾಕಿದ್ಲು. ಸೆರಗು ಗಾಲಿಗೆ ಸಿಕ್ಕಿತು, ಪಿನ್ನು ಬಿಡಲಿಲ್ಲ, ಅಕಿನ್ನ ಹಿಂದಕ್ಕ ಎಳಕೊಂಡು ಕೆಡವಿತು. ತೂಗಾಡೂದು ಇರಬಾರದು ಮಾಸ್ಟರ್. ತೂಗಾಡೂದಕ್ಕ ಪಿನ್ನು ಹಾಕಿದ್ರ ಪಿನ್ನು ದುಷ್ಮನ್.”

ನನ್ನ ನೇರ ಲಂಗದ ಕತೆ ಹೇಳಿದೆ. ಅವರು ಹಿಡಿಕೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡಿದರು.

“ನೀ ಹೆಂಗಸರ ಅಳತಿ ಹೆಂಗ ತಗೋತಿ? ನಿಂದ್ರಿಸಿ ತಗೋತಿ. ಗಾಡಿ ಮ್ಯಾಲ ಯಾರರೆ ನಿಂತು ಹೋಗ್ತಾರೇನೋ? ಒಮ್ಮೆರೆ ಕೂತು ನೋಡೀಯೇನು?”

ಮೂವತ್ತು ವರ್ಷದ ಕಸುಬಿಗೆ ಎಣ್ಣೆ ಮೆತ್ತಿದ ಕೈಯಿಂದ ಒಂದು ಏಟು. ಸಿಟ್ಟು ಬಂತು. ಗಾಡಿ ರಿಪೇರಿಯ ಮನುಷ್ಯ ನನಗೆ ಅಳತೆ ಕಲಿಸುತ್ತಾನೆ! ಹಿಡಿಕೆ ಸರಿಯಾದದ್ದೇ ಸಿಟ್ಟಿನಲ್ಲೇ ಗಾಡಿ ನೂಕಿಕೊಂಡು ಬಂದು ಅಂಗಡಿಯೊಳಗೆ ಹತ್ತಿಸಿದೆ. ಅಂದು ಭಾನುವಾರ. ಶಟರ್ ಮುಕ್ಕಾಲು ಇಳಿಸಿ ಹೆಂಡತಿಯನ್ನು ಕರೆದೆ.

“ನನಗ ಸೀರಿ ಉಡಸು.”

ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ಉಡಿಸಿದಳು. ಅವಳ ಯೂನಿಫಾರ್ಮ್ ಸೀರೆ, ಕೆಳಗೆ ನನ್ನ ಅಳತೆಗೆ ಹತ್ತು ನಿಮಿಷದಲ್ಲಿ ಹೊಲಿದ ಅದೇ ಕೊಳವೆ ಲಂಗ. ನಿರಿಗೆ ಸಿಗಿಸುತ್ತ, “ಹೊಟ್ಟಿ ಒಳಗ ತಗೋರಿ. ಅಯ್ಯ, ನಮ್ಮವ್ವ ನೋಡಿದ್ರ ಮಗಳನ್ನ ಯಾರಿಗೆ ಕೊಟ್ಟೆ ಅಂತ ಅಳತಿದ್ಲು,” ಎಂದಳು. ದೊಡ್ಡ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ ಗಾಡಿಯ ಮೇಲೆ ಕೂತೆ. ಕೂತದ್ದೇ ತಡ, ನಿಂತಾಗ ಪಾದ ಮುಟ್ಟಿದ್ದ ಅಂಚು ಮುಂದೆ ನಾಲ್ಕು ಬೆರಳು ಮೇಲೆ ಹೋಯಿತು, ಪಕ್ಕದಲ್ಲಿ ಜೋಲಿತು. ಜೋಲಿದ್ದು ಕಿಕ್‌ಗೆ ಸಿಕ್ಕಿತು. ಸೆರಗು ಸೀಟಿನ ಹಿಂದೆ, ಗಾಲಿಗೆ ಒಂದು ಗೇಣು ದೂರದಲ್ಲಿ ತೂಗಿತು. ಅವಳು ಟೇಬಲ್ ಫ್ಯಾನನ್ನು ಮುಂದಿಟ್ಟು ಪೂರ್ತಿ ತಿರುವಿದಳು. ಆ ಗೇಣೂ ಮುಗಿಯಿತು.

“ಈಗ ಸಿಗ್ನಲ್ ಬಿತ್ತು,” ಎಂದಳು. “ಕಾಲು ಊರ್ರಿ.”

ಎಡಗಾಲು ಚಾಚಿದೆ. ಬರಲಿಲ್ಲ. ಜೋರು ಮಾಡಿದೆ. ಗಾಡಿ ಸ್ಟ್ಯಾಂಡ್ ಮೇಲೆ ಗಟ್ಟಿಯಾಗಿ ನಿಂತಿತ್ತು, ಬಿದ್ದದ್ದು ನಾನು ಒಬ್ಬನೇ. ಫಾಲ್ ರೀಲುಗಳ ಪೆಟ್ಟಿಗೆ ನನ್ನ ಜೊತೆ ಬಂತು. ಶಬ್ದ ಕೇಳಿ ಪಾನ್ ಅಂಗಡಿಯವನು ಶಟರ್ ಕೆಳಗೆ ತಲೆ ಹಾಕಿದ. ಬೆಳ್ಳಿ ಅಂಚಿನ ನೀಲಿ ಸೀರೆಯಲ್ಲಿ ಮೀಸೆ ಹೊತ್ತ ಮಾಸ್ಟರ್ ನೆಲದ ಮೇಲೆ.

“ಮಾಸ್ಟರ್, ಶಾದಿ ಮುಬಾರಕ್,” ಎಂದು ಹೇಳಿ ತಲೆ ಹಿಂದಕ್ಕೆ ಎಳೆದುಕೊಂಡ.

ಅಂದು ಇಡೀ ದಿನ ನಾವಿಬ್ಬರು ಅದನ್ನೇ ಮಾಡಿದೆವು. ಉಡುವುದು, ಕೂರುವುದು, ಫ್ಯಾನ್ ಹಾಕುವುದು, ಬಿಚ್ಚುವುದು. ನನ್ನ ತಾಯಿ ಹೊಲದಲ್ಲಿ ಕಚ್ಚೆ ಹಾಕಿ ಕೆಲಸ ಮಾಡಿದವಳು. ಕಚ್ಚೆ ಹಾಕಿದರೆ ಸ್ಕೂಟರ್ ಅಲ್ಲ, ರೋಡ್ ರೋಲರ್ ಬೇಕಾದರೂ ಓಡಿಸಬಹುದು. ಆದರೆ ಸೂಪರ್‌ವೈಸರ್ ಮೇಡಂಗೆ ಹಿಮ್ಮಡಿ ಕಂಡರೆ ಜ್ವರ ಬರುತ್ತದೆ. ಹಾಗಾಗಿ ರಸ್ತೆಗೆ ಒಂದು ಅಂಚು, ಆಸ್ಪತ್ರೆಗೆ ಒಂದು ಅಂಚು ಬೇಕಾಯಿತು, ಒಂದೇ ಸೀರೆಯಲ್ಲಿ.

ಲಂಗವನ್ನು ಕೂತ ಅಳತೆಗೆ ಕತ್ತರಿಸಿದೆ. ಸೊಂಟ ಮತ್ತು ತೊಡೆಯ ಹತ್ತಿರ ಮೈಗೆ ಹತ್ತುವಂತೆ, ಮೊಣಕಾಲಿನಿಂದ ಕೆಳಗೆ ಒಂದು ದೊಡ್ಡ ಹೆಜ್ಜೆಯಷ್ಟು ಅಗಲ. ಎರಡೂ ಪಕ್ಕ ಮೊಣಕಾಲಿನವರೆಗೆ ಚಾಕ್, ಅದರ ಒಳಗೆ ಮಡಿಕೆಯ ಪಟ್ಟಿ; ಕಾಲು ಚಾಚಿದಾಗ ಬಿಚ್ಚಿಕೊಳ್ಳುತ್ತದೆ, ಕೂತಾಗ ಮುಚ್ಚಿಕೊಳ್ಳುತ್ತದೆ. ಉದ್ದ ಕಾಲುಗಂಟಿಗಿಂತ ಎರಡು ಬೆರಳು ಮೇಲೆ. ಬಟ್ಟೆ ಕಾಟನ್. ಸ್ಯಾಟಿನ್ ಹೊಳೆಯುತ್ತದೆ, ಆದರೆ ಸೀರೆಯನ್ನು ಹಿಡಿದುಕೊಳ್ಳುವುದಿಲ್ಲ, ಸೀಟಿನ ಮೇಲೆ ಮನುಷ್ಯರನ್ನೂ ಹಿಡಿದುಕೊಳ್ಳುವುದಿಲ್ಲ. ಲಾಡಿಯ ಜೊತೆಗೆ ಒಂದು ಹುಕ್ಕು, ಲಾಡಿ ಸಡಿಲಾದರೂ ಲಂಗ ಇಳಿಯದಂತೆ. ಒಳಗೆ ಲೆಗಿಂಗ್ಸ್. ಕಾಲು ಕಂಡರೆ ಏನು ಎನ್ನುವ ನನ್ನ ಮನೆತನದ ಪ್ರಶ್ನೆಗೆ ಬಜಾರಿನಲ್ಲಿ ಉತ್ತರ ಆಗಲೇ ಇತ್ತು.

ನಿರಿಗೆ ಅವಳ ಕಾರುಬಾರು. ಒಂಬತ್ತರ ಬದಲು ಆರು, ಸಣ್ಣವು, ಸೊಂಟದ ಒಳಗೆ ಒಂದು ಪಿನ್ನು. ತೊಡೆಯ ನಡುವಿಗೆ ಬರುವಂತೆ ಒಳಗಡೆಯಿಂದ ಇನ್ನೊಂದು ಪಿನ್ನು, ನಿರಿಗೆಗಳನ್ನು ಮಾತ್ರ ಒಂದಕ್ಕೊಂದು ಕೂಡಿಸಿ. ಆ ಪಿನ್ನನ್ನು ಲಂಗಕ್ಕೂ ಸೇರಿಸಿ ಚುಚ್ಚಲು ನಾನು ಹೋದೆ. ಅವಳು ಕೈ ಮೇಲೆ ಹೊಡೆದಳು. “ಮತ್ತ ಕಾಲು ಕಟ್ಟಾಕತ್ತೀರಿ?” ಕೂತ ಮೇಲೆ ನಿರಿಗೆಯ ಕಂತೆಯನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದರೆ ಗಾಳಿಗೆ ಕೈಹಾಕಲು ಏನೂ ಸಿಗುವುದಿಲ್ಲ. ಸೆರಗನ್ನು ಬೆನ್ನಿನ ಹಿಂದಿನಿಂದ ಬಲಸೊಂಟಕ್ಕೆ ಸುತ್ತಿ ತಂದು, ತುದಿ ಪೂರ್ತಿ ಎಡಸೊಂಟದ ಮುಂದೆ ಸಿಗಿಸಬೇಕು. ಅದು ಸಿಗಿಸಿದ ಮೇಲೆಯೇ ಹೆಗಲ ಪಿನ್ನು. ಚಾಚಾನ ಮಾತು.

ಅಂಚು ಎತ್ತುವುದಕ್ಕೆ ಮೂರು ಬೆರಳಗಲದ ಒಂದು ಕಾಟನ್ ಪಟ್ಟಿ ಹೊಲಿದೆ. ಸೀರೆ ಉಟ್ಟ ಮೇಲೆ ಸೊಂಟಕ್ಕೆ ಬಿಗಿದು, ಸುತ್ತಲೂ ಸೀರೆಯನ್ನು ನಾಲ್ಕು ಬೆರಳು ಮೇಲಕ್ಕೆ ಎಳೆದು ಪಟ್ಟಿಯ ಮೇಲೆ ಇಳಿಬಿಟ್ಟರೆ ಕೆಳಗಿನ ಅಂಚು ಕಾಲುಗಂಟಿನ ಮೇಲೆ ನಿಲ್ಲುತ್ತದೆ. ಆಸ್ಪತ್ರೆಯ ಹತ್ತಿರ ಪಟ್ಟಿ ಬಿಚ್ಚಿದರೆ ಅಂಚು ಚಪ್ಪಲಿಗೆ ಇಳಿಯುತ್ತದೆ. ಒಂದೂವರೆ ನಿಮಿಷ. ಸೋಮವಾರದಿಂದ ಅವಳು ಹೀಗೆಯೇ ಹೋದಳು. ದಾರಿಯಲ್ಲಿ ಯಾರೂ ಕೂಗಲಿಲ್ಲ. ಒಂದು ವಾರವಾದ ಮೇಲೆ ಅವಳೇ ಬೇಜಾರು ಮಾಡಿಕೊಂಡು, “ಈ ಊರಾಗ ಈಗ ನನ್ನ ಯಾರೂ ಮಾತಾಡ್ಸೂದಿಲ್ರಿ,” ಎಂದಳು.

ಆದರೆ ನಾಲ್ಕು ಕೊಳವೆಗಳು ಹೊರಗಿದ್ದವು. ಹೆಂಡತಿ ನೆನಪು ಮಾಡಿದಳು. ನನಗೂ ನೆನಪಿತ್ತು, ಒಪ್ಪಲು ಮನಸ್ಸಿರಲಿಲ್ಲ. ಗೊಂಬೆಯ ಮೇಲಿನ ಬೋರ್ಡು ತೆಗೆದೆ. ಅಳತೆ ಪುಸ್ತಕದಲ್ಲಿದ್ದ ನಂಬರುಗಳಿಗೆ ಫೋನು ಹಚ್ಚಿದೆ. ಜನ್ಮದಲ್ಲಿ ಮೊದಲ ಸಲ, ನಾನು ಹೊಲಿದದ್ದು ತಪ್ಪು, ತಂದುಕೊಡಿ, ಬಿಚ್ಚಿ ಚಾಕ್ ಇಟ್ಟುಕೊಡುತ್ತೇನೆ ಎಂದು ಹೇಳಿದೆ. ತೆಲುಗಿನಲ್ಲಿ ಹೇಳಿದ್ದರಿಂದ ಸ್ವಲ್ಪ ಸುಲಭವಾಯಿತು. ಬೇರೆ ಯಾರೋ ಹೇಳಿದಂತೆ ಅನಿಸಿತು. ಟೀಚರು ಮರುದಿನವೇ ತಂದುಕೊಟ್ಟರು. ಬ್ಯಾಂಕಿನವರಲ್ಲಿ ಒಬ್ಬರು, “ಅಣ್ಣಾ, ನಾನು ಒಂದು ಸಲ ಬಿದ್ದೆ, ವಯಸ್ಸಾಯಿತು ಅಂದುಕೊಂಡೆ,” ಎಂದರು. ಅವರಿಗೆ ಮೂವತ್ತೆರಡು ವರ್ಷ. ಇನ್ನೊಬ್ಬರು ಬಂದು ಎಲ್ಲ ಗಿರಾಕಿಗಳ ಎದುರು ನನ್ನ ಮಾಸ್ಟರ್‌ಗಿರಿಯ ಹೊಲಿಗೆ ಒಂದೊಂದಾಗಿ ಬಿಚ್ಚಿದರು. ಪಟಾನ್‌ಚೆರುವಿನವರ ನಂಬರು ಹತ್ತಲಿಲ್ಲ. ಅಳತೆ ಪುಸ್ತಕದಲ್ಲಿ ಮನೆಯ ವಿಳಾಸ ಇರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಪರೀಕ್ಷೆಯ ಕೊನೆಯ ವಾರ, ಉಳಿದದ್ದು ಒಂದೇ ತಡ. ಬೆಳಿಗ್ಗೆ ಆರೂವರೆಗೆ ಆಕಾಶ ಪಾತ್ರೆ ಮಗುಚಿದ ಹಾಗೆ ಸುರಿಯುತ್ತಿತ್ತು. ಹೆಂಗಸರಿಗೆಂದು ಅಂಗಡಿಗಳಲ್ಲಿ ಮಾರುವ ಮಳೆಕೋಟು ನೋಡಿದ್ದೀರಲ್ಲ? ಹೂವಿನ ಚಿತ್ರ, ಮೊಣಕಾಲಿನ ಕೆಳಗೆ ಗೌನಿನಂತೆ ಅಗಲ. ಗಾಳಿಗೆ ಸಿಕ್ಕರೆ ಹಾಯಿ. ಸೀರೆಯ ಅಂಚನ್ನು ಗಾಲಿಯಿಂದ ಉಳಿಸಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಅಂಚು ತೂಗುಹಾಕಿಕೊಂಡು ಹೋಗು ಎಂದಂತಾಯಿತು. ನಾನು ಹದಿನೈದು ದಿನ ಮೊದಲೇ ಗಟ್ಟಿ ರೇನ್‌ಕೋಟ್ ಬಟ್ಟೆ ತಂದು ಪ್ಯಾಂಟು ಹೊಲಿದಿದ್ದೆ. ತೊಡೆ ಬಹಳ ಅಗಲ, ಕಾಲಿನ ತುದಿಯಲ್ಲಿ ಪಟ್ಟಿ ಎಳೆದು ಅಂಟಿಸುವಂತೆ. ಸೀರೆ, ಲಂಗ ಎರಡನ್ನೂ ಮೊಣಕಾಲಿನವರೆಗೆ ಎತ್ತಿ ಪ್ಯಾಂಟಿನೊಳಗೆ ಸೇರಿಸಿ ಸೊಂಟಕ್ಕೆ ಕಟ್ಟಿದರೆ ಮುಗಿಯಿತು. ಮೇಲೆ ಸೊಂಟದವರೆಗೆ ಮಾತ್ರ ಬರುವ ಜಾಕೆಟ್. ಒದ್ದೆಯಾದ ಕಾಟನ್ ಲಂಗ ಕಾಲಿಗೆ ಸುತ್ತಿಕೊಂಡು ಭಾರವಾಗುತ್ತದೆ, ಅದು ಒದ್ದೆಯಾಗಲೇಬಾರದು. ಕ್ರೇಪಿಗೆ ಸುಕ್ಕು ಬೀಳುವುದಿಲ್ಲ. ಆ ಸೀರೆ ಆರಿಸಿದ ಮಹಾಶಯರು ಗೊತ್ತಿಲ್ಲದೆ ಮಾಡಿದ ಒಂದೇ ಉಪಕಾರ.

“ನಾನೂ ಬರ್ತೀನಿ,” ಎಂದೆ.

“ಯಾಕ?”

“ನೋಡಬೇಕು.”

“ಹಿಂದ ಕೂಡೂದಿದ್ರ ಅಡ್ಡ ಕೂಡಬ್ಯಾಡ್ರಿ ಮತ್ತ. ಗಂಡಸರಹಂಗ ಕೂಡ್ರಿ.”

ಹೆಂಡತಿಯ ಬೆನ್ನಿಗೆ ಗಂಡ ಕೂತು ಹೋಗುವುದನ್ನು ಆ ಮಳೆಯಲ್ಲೂ ನೋಡಲು ಜನರಿದ್ದರು. ಪಾನ್ ಅಂಗಡಿಯವನು ಕೊಡೆ ಹಿಡಿದು ಹೊರಗೆ ಬಂದು ಸಲಾಮು ಹೊಡೆದ. ಬೋರಬಂಡದ ಏರಿನಲ್ಲಿ ಅದೇ ಸಿಗ್ನಲ್ ಕೆಂಪಾಯಿತು. ಕೆಂಪು ನೀರು ರಸ್ತೆಯಲ್ಲಿ ಹಳ್ಳದಂತೆ ಇಳಿಯುತ್ತಿತ್ತು. ಅವಳು ಬ್ರೇಕ್ ಹಿಡಿದು ಎಡಗಾಲು ಹೊರಗೆ ಚಾಚಿದಳು, ಅಗಲವಾಗಿ, ಪೂರ್ತಿ ಪಾದ ನೆಲಕ್ಕೆ. ನನ್ನದೂ ಅವಳದೂ ಭಾರ ಹೊತ್ತು ಗಾಡಿ ಅಲುಗದೆ ನಿಂತಿತು. ನಾನು ಆ ಕಾಲನ್ನೇ ನೋಡುತ್ತಿದ್ದೆ. ಮೂವತ್ತು ವರ್ಷದಲ್ಲಿ ನಾನು ಹೊಲಿದ ಯಾವ ಬ್ಲೌಸಿನ ತೋಳನ್ನೂ ಹಾಗೆ ನೋಡಿಲ್ಲ.

ಏಳು ಐವತ್ತೆರಡಕ್ಕೆ ಆಸ್ಪತ್ರೆಯ ಗಾಡಿ ನಿಲ್ಲಿಸುವ ಜಾಗದಲ್ಲಿ ಪ್ಯಾಂಟು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಪಟ್ಟಿ ಬಿಚ್ಚಿದಳು. ಸೀರೆ ನೆನೆದಿರಲಿಲ್ಲ, ಅಂಚು ಚಪ್ಪಲಿಗೆ. ಸೆರಗು ಬಿಡಿಸಿ ಹಿಂದೆ ಇಳಿಬಿಟ್ಟಳು. ಬಾಗಿಲಿನಲ್ಲಿ ಸೂಪರ್‌ವೈಸರ್ ಮೇಡಂ ಅವಳ ಮುಖವನ್ನಲ್ಲ, ಕಾಲನ್ನು ನೋಡಿ ತಲೆಯಾಡಿಸಿದಳು. ಏಳು ಐವತ್ತೇಳಕ್ಕೆ ಹೆಬ್ಬೆಟ್ಟು. ನಾನು ನೀರು ಸುರಿಯುವ ಪ್ಯಾಂಟು ಹಿಡಿದುಕೊಂಡು ಬಸ್ಸು ಹುಡುಕುತ್ತ ಹೋದೆ. ಮರುವಾರ ಅವಳ ಕೆಲಸ ಕಾಯಂ ಆಯಿತು.

ತಿಂಗಳಾದ ಮೇಲೆ ಆ ಮೇಡಂ ತಮ್ಮ ಸ್ಕೂಟರ್ ಮೇಲೆ ನನ್ನ ಅಂಗಡಿಗೆ ಬಂದರು. ಲಂಗ ಬೇಕಂತೆ. “ಚಾಕ್ ಬೇಡ ಮಾಸ್ಟರ್, ನೇರ ಇರಲಿ, ತೆಳ್ಳಗೆ ಕಾಣುತ್ತೆ,” ಎಂದರು ತೆಲುಗಿನಲ್ಲಿ. ನಾನು ಟೇಪು ತೆಗೆಯಲಿಲ್ಲ. ಹೊರಗೆ ನಿಂತ ಅವರ ಗಾಡಿಯನ್ನು ತೋರಿಸಿ, “ಮೊದಲು ಅದರ ಮೇಲೆ ಕೂತ್ಕೊಳ್ಳಿ ಮೇಡಂ, ಅಳತೆ ಆಮೇಲೆ,” ಎಂದೆ. ರಸ್ತೆಯ ಮೇಲೆ, ಎಲ್ಲರೆದುರು ಕೂತರು. ಮುಖ ಬಿಗಿದಿತ್ತು, ಆದರೂ ಕೂತರು. ಚಾಕ್ ಇಟ್ಟೇ ಹೊಲಿದುಕೊಟ್ಟೆ.

ಈಗ ನನ್ನಲ್ಲಿ ಇರುವುದು ಇಷ್ಟು. ಅಂಗಡಿ ಒಂದು. ಹೊಲಿಗೆ ಮಷಿನ್ ಎರಡು, ಪಿಕೋ ಮಷಿನ್ ಒಂದು. ಕಾಯಂ ನೌಕರಿಯ ಹೆಂಡತಿ, ಒಬ್ಬಳು. ಅವಳ ಗಾಡಿ ಒಂದು, ಅದರಲ್ಲಿ ನನ್ನ ಪಾಲು ಹಿಂದಿನ ಸೀಟು. ಕೂತು ತೆಗೆದುಕೊಂಡ ಅಳತೆಗಳು ಅರವತ್ತೆರಡು. ಮರಳಿ ಬಾರದ ಲಂಗ ಒಂದು. ಈ ವಾರ ಹೊಲಿಯಬೇಕಾದ ಮಳೆ ಪ್ಯಾಂಟು ಏಳು.